ಎಳೆ ಬದನೆಯ ಗುರುತು

ಬದನೆಕಾಯಿ ರಾಶಿಯ ಮುಂದೆ ನಿಂತರೆ ನಮ್ಮ ಕೈ ತಾನಾಗಿ ಚಿಕ್ಕ ಕಾಯಿಯ ಕಡೆಗೆ ಹೋಗುತ್ತದೆ. ಚಿಕ್ಕದಾದರೆ ಎಳೆಯದು, ದೊಡ್ಡದಾದರೆ ಬಲಿತದ್ದು ಎಂಬುದು ಎಲ್ಲರ ಲೆಕ್ಕ. ಒಂದೇ ತಳಿಯ, ಒಂದೇ ಹೊಲದ, ಒಂದೇ ದಿನ ಬಿಡಿಸಿದ ಕಾಯಿಗಳಿದ್ದರೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಸಂತೆಯಲ್ಲಿ ಸಿಗುವ ರಾಶಿ ಅಂಥದ್ದಾಗಿರುವುದು ಅಪರೂಪ. ಮುಷ್ಟಿಗಿಂತ ದೊಡ್ಡದಾದ ಗುಳ್ಳ ಕೊಯ್ದರೆ ಒಳಗೆ ಬೆಳ್ಳಗೆ, ಬೀಜ ಕಣ್ಣಿಗೇ ಬೀಳದಷ್ಟು ಎಳಸಾಗಿರುತ್ತದೆ. ನಿಂಬೆಹಣ್ಣಿನ ಗಾತ್ರದ ನೇರಳೆ ಕಾಯಿ ಕೊಯ್ದರೆ ಒಳಗೆಲ್ಲ ಗಟ್ಟಿ ಕಂದು ಬೀಜ, ಬಾಯಿಗಿಟ್ಟರೆ ಕಹಿ. ಗಾತ್ರ ಇಲ್ಲಿ ಏನನ್ನೂ ಹೇಳಲಿಲ್ಲ. ಹೇಳಬೇಕಾದದ್ದು ಕಾಯಿಯ ವಯಸ್ಸು. ಹೂ ಬಿಟ್ಟು ಎಷ್ಟು ದಿನವಾಯಿತು, ಗಿಡದಿಂದ ಬಿಡಿಸಿ ಎಷ್ಟು ಹೊತ್ತಾಯಿತು ಎಂಬ ಎರಡು ಸಂಗತಿಗಳಲ್ಲಿ ಬದನೆಯ ರುಚಿಯ ಬಹುಪಾಲು ಅಡಗಿದೆ. ಈ ಎರಡನ್ನೂ ಕಾಯಿಯ ಮೈಮೇಲೆಯೇ ಓದಬಹುದು.

ಬದನೆಯನ್ನು ನಾವು ತಿನ್ನುವುದು ಹಣ್ಣಾಗುವ ಮೊದಲು. ಹೂವು ಕಾಯಿಕಟ್ಟಿದ ಮೇಲೆ ಎರಡರಿಂದ ಮೂರು ವಾರದೊಳಗೆ, ತಳಿ ಮತ್ತು ಹವೆಯನ್ನು ನೋಡಿಕೊಂಡು, ಕಾಯಿ ಅಡುಗೆಗೆ ಬರುತ್ತದೆ. ಆ ಹೊತ್ತಿಗೆ ಬೀಜಗಳು ಒಳಗೆ ಇದ್ದೇ ಇರುತ್ತವೆ, ಆದರೆ ಬಿಳಿಯಾಗಿ, ಮೆತ್ತಗೆ, ಸಿಪ್ಪೆಗಟ್ಟದೆ ಇರುತ್ತವೆ. ಬೆಂದಾಗ ತಿರುಳಿನೊಂದಿಗೆ ಒಂದಾಗಿಬಿಡುತ್ತವೆ. ಕಾಯಿಯನ್ನು ಗಿಡದಲ್ಲೇ ಬಿಟ್ಟರೆ ಅದು ತನ್ನ ಕೆಲಸ ಮುಂದುವರಿಸುತ್ತದೆ. ಬೀಜದ ಹೊರಪೊರೆ ಗಟ್ಟಿಯಾಗುತ್ತದೆ, ಬಣ್ಣ ಮೊದಲು ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ, ತಿರುಳು ಸಡಿಲಗೊಳ್ಳುತ್ತದೆ. ಹೂ ಬಿಟ್ಟ ಸುಮಾರು ಎರಡು ತಿಂಗಳಿಗೆ ಕಾಯಿ ಹಳದಿ ಅಥವಾ ತಾಮ್ರದ ಬಣ್ಣಕ್ಕೆ ಬಂದು ಪೂರ್ತಿ ಹಣ್ಣಾಗುತ್ತದೆ. ಬಿತ್ತನೆಗೆ ಬೀಜ ತೆಗೆಯುವ ರೈತರು ಕಾಯುವುದು ಈ ಹಂತಕ್ಕೆ. ಅಡುಗೆಯವರಿಗೆ ಬೇಕಾದ್ದು ಇದರ ಮೊದಲ ಅರ್ಧದ ಕಾಯಿ.

ಬೀಜ ಹೆಚ್ಚೆಂದು ನಾವು ತಳಿಯನ್ನು ದೂರುತ್ತೇವೆ. ಬಹಳ ಸಲ ಅದು ಕೊಯ್ಲಿನ ತಡ. ಬದನೆ ಗಿಡ ಒಮ್ಮೆ ಕಾಯಿಬಿಡಲು ಶುರುಮಾಡಿದರೆ ನಾಲ್ಕೈದು ದಿನಕ್ಕೊಮ್ಮೆ ಬಿಡಿಸುತ್ತಿರಬೇಕು. ದರ ಬಿದ್ದಾಗ, ಆಳು ಸಿಗದಿದ್ದಾಗ, ಮಳೆ ಹಿಡಿದಾಗ ಒಂದು ಕೊಯ್ಲು ತಪ್ಪುತ್ತದೆ. ಮುಂದಿನ ಕೊಯ್ಲಿನಲ್ಲಿ ಆ ಉಳಿದ ಕಾಯಿಗಳೂ ಎಳೆ ಕಾಯಿಗಳೂ ಒಂದೇ ಬುಟ್ಟಿಯಲ್ಲಿ ಬರುತ್ತವೆ. ಹಾಗಾಗಿ ಒಂದೇ ಗಾಡಿಯ ಒಂದೇ ರಾಶಿಯಲ್ಲಿ ಒಂದು ಕಾಯಿ ಬೆಣ್ಣೆಯಂತಿದ್ದು, ಪಕ್ಕದ್ದು ಬರೀ ಬೀಜದ ಚೀಲವಾಗಿರುವುದು ಅಚ್ಚರಿಯಲ್ಲ. ರಾಶಿ ಚೆನ್ನಾಗಿದೆ ಎಂದು ಒಟ್ಟಾಗಿ ತೂಗಿಸಿಕೊಳ್ಳುವುದು ಬದನೆಯ ವಿಷಯದಲ್ಲಿ ನಡೆಯದು. ಒಂದೊಂದನ್ನೂ ಕೈಗೆತ್ತಿಕೊಳ್ಳಬೇಕು.

ತಳಿ ತಿಳಿದಿರಬೇಕಾದ್ದು ಇಲ್ಲಿಯೇ. ಎಷ್ಟು ದೊಡ್ಡದಾದರೆ ಬಲಿತಂತೆ ಎಂಬುದು ಪ್ರತಿ ತಳಿಗೂ ಬೇರೆ ಬೇರೆ. ಉಡುಪಿಯ ಕಟಪಾಡಿ ಸಮೀಪದ ಮಟ್ಟು ಗ್ರಾಮದ ಮಟ್ಟುಗುಳ್ಳವನ್ನೇ ತೆಗೆದುಕೊಳ್ಳಿ. ಸೋದೆಯ ವಾದಿರಾಜರು ಕೊಟ್ಟ ಬೀಜದಿಂದ ಬೆಳೆದದ್ದು ಎಂಬ ನಂಬಿಕೆ ಅಲ್ಲಿಯ ಮನೆಮನೆಯದು. ಕೃಷ್ಣಮಠಕ್ಕೆ ಅದು ಮೀಸಲಿನ ತರಕಾರಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತಿಳಿಹಸಿರು ಮೈ, ಬಿಳಿ ಗೆರೆ, ತೊಟ್ಟಿನ ಮೇಲೆ ಚುಚ್ಚುವ ಮುಳ್ಳು, ದುಂಡನೆಯ ಆಕಾರ. ಸಿಪ್ಪೆ ತೆಳು, ಕಹಿ ಕಡಿಮೆ. ಈ ಕಾಯಿ ಅಂಗೈ ತುಂಬುವಷ್ಟಾದರೂ ಎಳಸಾಗಿಯೇ ಇರಬಲ್ಲದು. ಹೋಳು ದಪ್ಪವಾಗಿ ಹೆಚ್ಚಿ ಹುಳಿಗೋ ಕೊದ್ದೆಲಿಗೋ ಹಾಕಿದರೆ ಆಕಾರ ಉಳಿಸಿಕೊಂಡು ಬೇಯುತ್ತದೆ. ಗಾಲಿಯಂತೆ ಹೆಚ್ಚಿ ಮಸಾಲೆ ಸವರಿ ಪೋಡಿ ಮಾಡಲೂ ಬಹಳ ಹಿಡಿಸುತ್ತದೆ. ಆದರೆ ಉಡುಪಿಯ ಹೊರಗೆ ‘ಗುಳ್ಳ’ ಎಂಬ ಹೆಸರಿನಲ್ಲಿ ಮಾರುವ ದುಂಡು ಹಸಿರು ಕಾಯಿಯೆಲ್ಲ ಮಟ್ಟುವಿನದಲ್ಲ. ಇವುಗಳಲ್ಲಿ ಹಲವಕ್ಕೆ ಸಿಪ್ಪೆ ದಪ್ಪ. ಗಾತ್ರದಲ್ಲಿ ಮಟ್ಟುಗುಳ್ಳದ ಹಾಗೆ ಬೆಳೆಯುವಷ್ಟರಲ್ಲಿ ಬೀಜ ಗಟ್ಟಿಯಾಗಿರುತ್ತದೆ.

ಬೆಳಗಾವಿ, ಧಾರವಾಡ, ಬಾಗಲಕೋಟೆ ಕಡೆಯ ಮುಳಗಾಯಿ ಲೆಕ್ಕ ಬೇರೆ. ಅಲ್ಲಿಯ ಎಣಗಾಯಿಗೆ ಬೇಕಾದದ್ದು ಒಂದು ಹಿಡಿಯಲ್ಲಿ ಎರಡು ಮೂರು ಬರುವ ಚಿಕ್ಕ, ದುಂಡು ಅಥವಾ ಮೊಟ್ಟೆಯಾಕಾರದ ಕಾಯಿ. ಕುಡಚಿ, ಮಾಲಾಪುರ, ರಬಕವಿಯಂಥ ಊರಿನ ಹೆಸರು ಹೊತ್ತ ನಾಟಿ ತಳಿಗಳು ಆ ಕಡೆ ತಲೆಮಾರುಗಳಿಂದ ಬೆಳೆದು ಬಂದಿವೆ. ಮಹಾರಾಷ್ಟ್ರದಿಂದ ಬಂದ ‘ಮಂಜರಿ ಗೋಟಾ’ ತಳಿಯ ನೇರಳೆ ಮೈಮೇಲೆ ಬಿಳಿ ಗೆರೆಯಿರುತ್ತದೆ, ಕಾಯಿ ಕೊಂಚ ದೊಡ್ಡದಾಗುತ್ತದೆ. ಈ ದುಂಡು ಕಾಯಿಗಳಲ್ಲಿ ತಿರುಳು ಜಾಸ್ತಿ, ಬೀಜವೂ ಜಾಸ್ತಿ. ಹಾಗಾಗಿ ಚಿಕ್ಕದಿದ್ದಾಗಲೇ ಬಿಡಿಸಬೇಕು. ಇವು ಮಟ್ಟುಗುಳ್ಳದ ಗಾತ್ರಕ್ಕೆ ಬೆಳೆದಿವೆಯೆಂದರೆ ಅವುಗಳ ವಯಸ್ಸು ಮೀರಿದೆ ಎಂದೇ ತಿಳಿಯಬೇಕು.

ಮೈಸೂರು ಕಡೆ ವಾಂಗಿಬಾತಿಗೆ ಉದ್ದ ಬದನೆ ಹಿಡಿಸುತ್ತದೆ, ಅದರಲ್ಲೂ ಹಸಿರು ಉದ್ದ ಬದನೆ. ಉದ್ದ ಕಾಯಿಯಲ್ಲಿ ಬೀಜ ಇಡೀ ಉದ್ದಕ್ಕೂ ಹಂಚಿಹೋಗಿರುವುದರಿಂದ ಹೋಳಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸಿಪ್ಪೆಯೂ ಸಾಮಾನ್ಯವಾಗಿ ತೆಳು. ಅನ್ನದ ಜೊತೆ ಕಲಸುವಾಗ ಹೋಳು ನುಚ್ಚಾಗದೆ ಉಳಿಯಬೇಕು, ಹಾಗೆಂದು ಗಟ್ಟಿಯಾಗಿಯೂ ಇರಬಾರದು. ಆ ಕೆಲಸಕ್ಕೆ ಈ ಕಾಯಿಯೇ ಸರಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕ’ ಹೆಸರಿನಲ್ಲಿ ಹೊರತಂದ ತಳಿಗಳಲ್ಲಿ ಅರ್ಕ ಶಿರೀಶ ಇಂಥದೊಂದು ಹಸಿರು ಉದ್ದ ಕಾಯಿ. ಅದೇ ಸಂಸ್ಥೆಯ ಅರ್ಕ ಕುಸುಮಾಕರ ಗೊಂಚಲಾಗಿ ಬಿಡುವ ಚಿಕ್ಕ ಹಸಿರು ಬದನೆ. ಅರ್ಕ ನಿಧಿ, ಅರ್ಕ ಕೇಶವ, ಅರ್ಕ ನೀಲಕಂಠ ಇವು ದುಂಡಾಣುವಿನಿಂದ ಗಿಡ ಸೊರಗಿ ಸಾಯುವ ರೋಗವನ್ನು ತಡೆದುಕೊಳ್ಳುವ ತಳಿಗಳು. ಗಿಡ ಸೊರಗಿದ ಹೊಲದಲ್ಲಿ ನೀರು ಕೊಟ್ಟರೂ ಕಾಯಿಗೆ ಏರುವುದಿಲ್ಲ, ಹಾಗಾಗಿ ಈ ಗುಣ ರೈತರಿಗಷ್ಟೇ ಅಲ್ಲ, ತಿನ್ನುವವರಿಗೂ ಬೇಕಾದದ್ದು.

ನೀರಿನ ಮಾತು ಬಂದದ್ದರಿಂದ ಕಹಿಯ ವಿಷಯ. ಬದನೆ ಟೊಮೆಟೊ ಮತ್ತು ಆಲೂಗಡ್ಡೆಯ ಬಂಧು. ನಮ್ಮ ಬೇಲಿಯ ಸುಂಡೆಕಾಯಿಯೂ ಅದೇ ಕುಲದ್ದು. ಈ ಕುಲದ ಗಿಡಗಳು ತಮ್ಮ ಕಾಯಿಯನ್ನು ಹುಳು, ಪ್ರಾಣಿಗಳಿಂದ ಕಾಪಾಡಿಕೊಳ್ಳಲು ಆಲ್ಕಲಾಯ್ಡ್ ಎಂಬ ಕಹಿ ವಸ್ತುಗಳನ್ನು ತಯಾರಿಸುತ್ತವೆ. ಬದನೆಯಲ್ಲಿ ಸೊಲಸೋನಿನ್, ಸೊಲಮಾರ್ಜಿನ್ ಎಂಬವು ಇದ್ದು, ಕಾಡು ಬದನೆಯಲ್ಲಿ ಹೆಚ್ಚು, ಮನುಷ್ಯ ಆರಿಸಿ ಆರಿಸಿ ಬೆಳೆಸಿದ ನಮ್ಮ ತಳಿಗಳಲ್ಲಿ ಬಹಳ ಕಡಿಮೆ. ಕಡಿಮೆಯೆಂದರೆ ಇಲ್ಲವೆಂದಲ್ಲ. ಕಾಯಿ ಬಲಿತಂತೆ, ಅದರಲ್ಲೂ ಬೀಜದ ಸುತ್ತ, ಕಹಿ ಎದ್ದು ಕಾಣುತ್ತದೆ. ಬಿಸಿಲು ಜೋರಾಗಿ ಗಿಡಕ್ಕೆ ನೀರು ಸಾಲದಿದ್ದರೆ ಎಳೆ ಕಾಯಿಯಲ್ಲೂ ಕಹಿ ಬರಬಹುದು. ಬೇಸಗೆಯ ಕೊನೆಯಲ್ಲಿ, ಹಳೆಯ ಗಿಡಗಳಿಂದ ಬರುವ ಕೊನೆ ಕೊಯ್ಲಿನ ಕಾಯಿಗಳು ಇದಕ್ಕೆ ಸಿಕ್ಕಿಬೀಳುತ್ತವೆ. ಅವು ಚಿಕ್ಕವೇ ಇರುತ್ತವೆ, ಗಿಡಕ್ಕೆ ಶಕ್ತಿಯಿಲ್ಲದೆ ಬೆಳೆಯದೆ ನಿಂತಿರುತ್ತವೆ, ಆದರೆ ದಿನ ಮಾತ್ರ ಕಳೆದಿರುತ್ತದೆ. ಬೆಳೆಯದೆಯೇ ಬಲಿತ ಕಾಯಿಗಳಿವು. ಚಿಕ್ಕದೆಲ್ಲ ಎಳೆಯದು ಎಂಬ ಲೆಕ್ಕ ಕೈಕೊಡುವುದು ಮುಖ್ಯವಾಗಿ ಇಲ್ಲಿ.

ಇನ್ನು ಬೆಂಡಾಗುವುದು. ಬದನೆಯ ತಿರುಳೇ ಸ್ಪಂಜಿನ ಹಾಗೆ, ಕಣಕಣದ ನಡುವೆ ಗಾಳಿಯ ಜಾಗವಿರುವ ರಚನೆಯದು. ಬದನೆ ಹೋಳು ಬಾಣಲೆಯಲ್ಲಿ ಹಾಕಿದ ಎಣ್ಣೆಯನ್ನೆಲ್ಲ ಕುಡಿದುಬಿಡುವುದು ಇದಕ್ಕೇ. ಎಳೆಯದರಲ್ಲಿ ಕಣಗಳು ನೀರು ತುಂಬಿ ಬಿಗಿಯಾಗಿರುವುದರಿಂದ ಗಾಳಿಗೆ ಜಾಗ ಕಡಿಮೆ. ಬಲಿತಂತೆ ಗಾಳಿಯ ಜಾಗ ಹಿಗ್ಗುತ್ತದೆ. ಬಿಡಿಸಿದ ಮೇಲೆ ಎರಡು ಮೂರು ದಿನ ಗಾಳಿ ಬಿಸಿಲಿಗಿಟ್ಟರೆ ನೀರು ಆವಿಯಾಗಿ ಎಳೆ ಕಾಯಿಯೂ ಬೆಂಡಾಗುತ್ತದೆ. ಹಾಗಾಗಿ ಬೆಂಡಿಗೆ ಕಾರಣ ಎರಡು, ಒಂದು ಗಿಡದಲ್ಲಿ ಹೆಚ್ಚು ದಿನ ಉಳಿದದ್ದು, ಇನ್ನೊಂದು ಅಂಗಡಿಯಲ್ಲಿ ಹೆಚ್ಚು ದಿನ ಉಳಿದದ್ದು. ಎರಡಕ್ಕೂ ಗುರುತು ಒಂದೇ: ಗಾತ್ರಕ್ಕೆ ತಕ್ಕ ಭಾರವಿರುವುದಿಲ್ಲ.

ಈಗ ಒಂದು ಕೊಳ್ಳಾಟವನ್ನೇ ಮೊದಲಿಂದ ಕೊನೆಯವರೆಗೆ ನೋಡೋಣ. ಎಣಗಾಯಿಗೆ ಅರ್ಧ ಕೆ.ಜಿ. ಚಿಕ್ಕ ನೇರಳೆ ಮುಳಗಾಯಿ ಬೇಕು, ಧಾರವಾಡದ ಸಂತೆ, ಬೆಳಗಿನ ಹೊತ್ತು. ಬುಟ್ಟಿಯ ಹಿಂದೆ ಕೂತ ಅಜ್ಜಿ ಹೇಳುವುದು ಒಂದೇ ಮಾತು: ‘ಎಲ್ಲಾ ಎಳೀವು ಅದಾವ್ರಿ ಅಕ್ಕಾರ, ನಸಕ್ಕಿನ್ಯಾಗ ಬಿಡಿಸ್ಕೊಂಡ ಬಂದೀವಿ.’ ಅವಳ ಮಾತು ನಿಜವೇ ಇರಬಹುದು. ಬೆಳಿಗ್ಗೆ ಬಿಡಿಸಿದ್ದೇ ಇರಬಹುದು. ಆದರೆ ನಮಗೆ ಬೇಕಾದ್ದು ಗಿಡದಲ್ಲಿ ಕಾಯಿ ಎಷ್ಟು ದಿನವಿತ್ತು ಎಂಬುದೂ ಹೌದು.

ಮೊದಲು ಮೈ ನೋಡಬೇಕು. ಬೆಳೆಯುತ್ತಿರುವ ಕಾಯಿಯ ಸಿಪ್ಪೆ ಬಿಗಿದುಕೊಂಡಿರುತ್ತದೆ, ಮೇಣ ಸವರಿದಂತೆ ಮಿನುಗುತ್ತದೆ. ಬೀಜ ಬಲಿಯಲು ಶುರುವಾದೊಡನೆ ಆ ಮಿನುಗು ಹೋಗುತ್ತದೆ, ಮೈ ಮಂಕಾಗುತ್ತದೆ. ನೇರಳೆ ಕಾಯಿಯಲ್ಲಿ ನೇರಳೆಯೊಳಗೆ ಕಂದು ಛಾಯೆ ಮೂಡುತ್ತದೆ. ಹಸಿರು ಕಾಯಿಯಲ್ಲಿ ಮಿನುಗು ಹೋದದ್ದು ತಟ್ಟನೆ ತಿಳಿಯದು, ಅಲ್ಲಿ ಬಾಲದ ತುದಿಯನ್ನು ನೋಡಬೇಕು. ಹೂವು ಉದುರಿದ ಆ ತುದಿಯಲ್ಲಿ ಹಳದಿ ಇಣುಕಿದ್ದರೆ, ಬಿಳಿ ಗೆರೆಗಳು ಹಳದಿಗೆ ತಿರುಗಿದ್ದರೆ ಒಳಗೆ ಬೀಜ ಗಟ್ಟಿಯಾಗಿದೆ ಎಂದು ಅರ್ಥ. ವ್ಯಾಪಾರಿಗಳು ಕಾಯಿಗೆ ನೀರು ಚಿಮುಕಿಸುತ್ತಾರೆ, ಒದ್ದೆ ಮೈ ಯಾವಾಗಲೂ ಮಿನುಗುತ್ತದೆ. ಒಂದು ಕಾಯಿಯನ್ನು ಸೆರಗಿಗೋ ಕರವಸ್ತ್ರಕ್ಕೋ ಒರೆಸಿ ನೋಡಿದರೆ ನಿಜ ಬಣ್ಣ ತಿಳಿಯುತ್ತದೆ.

ಎರಡನೆಯದು ತೊಟ್ಟು. ತೊಟ್ಟಿನ ಬುಡದಲ್ಲಿ ಕಾಯಿಯನ್ನು ಅಪ್ಪಿಕೊಂಡಿರುವ ಹಸಿರು ಟೊಪ್ಪಿಗೆ ಇರುತ್ತದಲ್ಲ, ಅದರ ಬಣ್ಣ ಹಸಿರಾಗಿದ್ದು ತುದಿಗಳು ಕಾಯಿಗೆ ಅಂಟಿಕೊಂಡಿದ್ದರೆ ಕಾಯಿ ಈಚೆಗೆ ಬಿಡಿಸಿದ್ದು. ಕಂದಾಗಿ, ಒಣಗಿ, ತುದಿಗಳು ಮೇಲಕ್ಕೆ ಸುರುಳಿಕೊಂಡಿದ್ದರೆ ಬಿಡಿಸಿ ದಿನ ಕಳೆದಿದೆ. ಮುಳ್ಳಿನ ತಳಿಯಾದರೆ ಮುಳ್ಳು ಚುಚ್ಚಬೇಕು. ತೊಟ್ಟು ಕೊಯ್ದ ಜಾಗ ಹಸಿಯಾಗಿ ಹಸಿರಾಗಿದೆಯೋ, ಒಣ ಕಡ್ಡಿಯಾಗಿದೆಯೋ ಅದನ್ನೂ ನೋಡಬೇಕು. ಅಜ್ಜಿ ಹೇಳಿದ ‘ನಸಕ್ಕಿನ್ಯಾಗ’ ಎಂಬ ಮಾತಿಗೆ ಸಾಕ್ಷಿ ಇಲ್ಲಿ ಸಿಗುತ್ತದೆ.

ಮೂರನೆಯದು ಬಹಳ ಜನ ನೋಡದ ಗುರುತು. ಟೊಪ್ಪಿಗೆಯ ಒಂದು ಅಂಚನ್ನು ಉಗುರಿನಿಂದ ನಯವಾಗಿ ಎತ್ತಿ ಕೆಳಗೆ ನೋಡಿ. ಬಹಳಷ್ಟು ನೇರಳೆ ತಳಿಗಳಲ್ಲಿ ಬಣ್ಣ ಹುಟ್ಟಲು ಬೆಳಕು ಬೇಕು. ಕಾಯಿ ತೊಟ್ಟಿನ ಕೆಳಗಿನಿಂದ ಹೊಸದಾಗಿ ಬೆಳೆದು ಹೊರಗೆ ಬರುತ್ತಿದ್ದಂತೆ, ಬೆಳಕು ಮುಟ್ಟದ ಆ ಹೊಸ ಭಾಗ ಬಿಳಿಯಾಗಿಯೋ ತಿಳಿಹಸಿರಾಗಿಯೋ ಇರುತ್ತದೆ. ಅಂಚಿನ ಪಕ್ಕದಲ್ಲಿಯೇ ತೆಳು ಬಣ್ಣದ ಅಗಲ ಪಟ್ಟಿ ಕಂಡರೆ ಕಾಯಿ ಬಿಡಿಸುವ ಹೊತ್ತಿಗೂ ಚುರುಕಾಗಿ ಬೆಳೆಯುತ್ತಿತ್ತು. ಬೆಳವಣಿಗೆ ನಿಂತ ಕಾಯಿಯಲ್ಲಿ ಈ ಪಟ್ಟಿ ಕಿರಿದಾಗಿ, ಕೊನೆಗೆ ಇಲ್ಲವೇ ಇಲ್ಲವಾಗುತ್ತದೆ. ಹಸಿರು ಬದನೆಗೆ ಈ ಪರೀಕ್ಷೆ ನಡೆಯದು. ಬೆಳಕಿಲ್ಲದೆಯೂ ಬಣ್ಣಗಟ್ಟುವ ಕೆಲವು ನೇರಳೆ ತಳಿಗಳೂ ಇವೆ, ಅವುಗಳಲ್ಲಿ ಟೊಪ್ಪಿಗೆಯ ಕೆಳಗೂ ನೇರಳೆಯೇ. ಒಂದೇ ರಾಶಿಯ ಎರಡು ಕಾಯಿಗಳನ್ನು ಪಕ್ಕಪಕ್ಕ ಹಿಡಿದು ಹೋಲಿಸಿದರೆ ಮಾತ್ರ ಇದಕ್ಕೆ ಬೆಲೆ.

ಆಮೇಲೆ ತೂಕ. ಸರಿಸುಮಾರು ಒಂದೇ ಗಾತ್ರದ ಎರಡು ಕಾಯಿಗಳನ್ನು ಎರಡೂ ಅಂಗೈಯಲ್ಲಿಟ್ಟು ನೋಡಬೇಕು. ಭಾರವಾದದ್ದನ್ನು ಇಟ್ಟುಕೊಂಡು ಹಗುರಾದದ್ದನ್ನು ಬುಟ್ಟಿಗೆ ಹಾಕಿ ಮತ್ತೊಂದು ಎತ್ತಿಕೊಂಡರೆ ನಾಲ್ಕೈದು ಸಲದಲ್ಲಿ ಕೈಗೆ ಅಂದಾಜು ಸಿಕ್ಕಿಬಿಡುತ್ತದೆ. ಕೊನೆಗೆ ಹೆಬ್ಬೆರಳು. ಹೊಟ್ಟೆಯ ಭಾಗದಲ್ಲಿ ಮೆಲ್ಲಗೆ ಒತ್ತಿದರೆ ಕೊಂಚ ಒಳಹೋಗಿ, ಬೆರಳು ತೆಗೆದೊಡನೆ ಮೇಲೆ ಬರಬೇಕು. ಗುಂಡಿ ಹಾಗೇ ಉಳಿದರೆ ಒಳಗೆ ಬೆಂಡು. ಕಲ್ಲಿನಂತೆ ಒಂದಿಷ್ಟೂ ಒಳಹೋಗದ, ಮೈಯೂ ಮಂಕಾಗಿರುವ ಕಾಯಿಯನ್ನೂ ಬಿಡುವುದೇ ಒಳ್ಳೆಯದು, ಅದು ಬೆಳೆಯದೆ ನಿಂತ ಕಾಯಿ. ಎಲ್ಲ ಕಾಯಿಯನ್ನೂ ಒತ್ತಿ ಒತ್ತಿ ಹಾಕಬಾರದು, ಒತ್ತಿದ ಜಾಗ ಮರುದಿನ ಕಂದಾಗಿ ಕೊಳೆಯಲು ಶುರುವಾಗುತ್ತದೆ. ಅದು ಆ ಅಜ್ಜಿಗೆ ನಷ್ಟ. ಮೈ, ತೊಟ್ಟು, ತೂಕದಲ್ಲಿ ತೇರ್ಗಡೆಯಾದದ್ದನ್ನು ಮಾತ್ರ ಒಂದು ಸಲ ಒತ್ತಿದರೆ ಸಾಕು.

ಹೀಗೆ ಆರಿಸಿದರೆ ಎಣಗಾಯಿಯ ಅರ್ಧ ಕೆ.ಜಿ.ಗೆ ಮೂರು ನಾಲ್ಕು ನಿಮಿಷ ಬೇಕಾಗುತ್ತದೆ. ಇನ್ನೊಂದು ಮಾತು ಆರಿಸುವಾಗಲೇ ಗಮನಿಸಬೇಕು, ಎಣಗಾಯಿಗೆ ಎಲ್ಲ ಕಾಯಿಯೂ ಒಂದೇ ಗಾತ್ರದ್ದಿರಬೇಕು. ಇಡೀ ಕಾಯಿಯನ್ನೇ ಬೇಯಿಸುವುದರಿಂದ ದೊಡ್ಡದು ಬೇಯುವಷ್ಟರಲ್ಲಿ ಚಿಕ್ಕದು ಕರಗಿಹೋಗುತ್ತದೆ.

ಆರಿಸುವಾಗ ಕೆಲವರು ಕಾಯಿಯನ್ನು ತಿರುಗಿಸಿ ಬಾಲದ ಕಲೆಯನ್ನು ನೋಡುತ್ತಾರೆ. ದುಂಡು ಕಲೆಯಿದ್ದರೆ ಗಂಡು ಬದನೆ, ಬೀಜ ಕಡಿಮೆ, ಉದ್ದ ಸೀಳಿನಂಥ ಕಲೆಯಿದ್ದರೆ ಹೆಣ್ಣು ಬದನೆ, ಬೀಜ ಜಾಸ್ತಿ ಎಂಬ ಮಾತು ಊರೂರಿನಲ್ಲಿ ಓಡಾಡುತ್ತಿದೆ. ಇದಕ್ಕೆ ಬುಡವಿಲ್ಲ. ಕಾಯಿಗಳಲ್ಲಿ ಗಂಡು ಹೆಣ್ಣೆಂಬುದೇ ಇಲ್ಲ. ಬದನೆಯ ಒಂದೇ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಇರುತ್ತವೆ, ಆ ಹೂವಿನ ಅಂಡಾಶಯವೇ ಕಾಯಿಯಾಗಿ ಬೆಳೆಯುವುದು. ಬಾಲದ ಕಲೆ ಹೂವಿನ ನಡುವಿನ ದಂಡು ಉದುರಿದ ಗುರುತು ಅಷ್ಟೇ. ದಂಡು ಅಗಲವಾಗಿದ್ದ ಹೂವಿನಿಂದ ಬಂದ ಕಾಯಿಯಲ್ಲಿ ಕಲೆ ಉದ್ದವಾಗಿರುತ್ತದೆ. ಅದಕ್ಕೂ ಬೀಜದ ಗಟ್ಟಿತನಕ್ಕೂ ಸಂಬಂಧವಿಲ್ಲ. ಬೀಜದ ಸಂಖ್ಯೆ ಹೂವಿಗೆ ಪರಾಗ ಎಷ್ಟು ಚೆನ್ನಾಗಿ ಸೇರಿತು ಎಂಬುದರ ಮೇಲಿದೆ. ಬದನೆ ಹೂವಿನ ಪರಾಗ ಕೋಶದ ತುದಿಯ ಸಣ್ಣ ತೂತಿನಿಂದ ಉದುರಬೇಕು, ಗಾಳಿ ಅಲುಗಿಸಿದರೆ, ಕೆಲವು ಜಾತಿಯ ದುಂಬಿಗಳು ಹೂವನ್ನು ಹಿಡಿದು ಗುಂಯ್ಗುಟ್ಟಿ ನಡುಗಿಸಿದರೆ ಚೆನ್ನಾಗಿ ಉದುರುತ್ತದೆ. ಪರಾಗ ಚೆನ್ನಾಗಿ ಸಿಕ್ಕ ಕಾಯಿಯಲ್ಲಿ ಬೀಜ ಹೆಚ್ಚು, ಕಾಯಿ ನೀಟಾಗಿ ದುಂಡಗಿರುತ್ತದೆ. ಕಲೆ ನೋಡಿ ತಿಳಿಯುವ ವಿಷಯವಲ್ಲ ಇದು.

ಹುಳುವಿನ ವಿಷಯದಲ್ಲೂ ನಮ್ಮ ಲೆಕ್ಕ ತಲೆಕೆಳಗಾಗಿದೆ. ತೂತಿರುವ ಕಾಯಿಯಲ್ಲಿ ಹುಳು, ತೂತಿಲ್ಲದ್ದು ಸ್ವಚ್ಛ ಎಂದು ನಾವು ನಂಬುತ್ತೇವೆ. ಬದನೆಗೆ ಬೀಳುವ ಕಾಂಡ ಮತ್ತು ಕಾಯಿ ಕೊರಕ ಎಂಬ ಹುಳು ಮೊಟ್ಟೆಯೊಡೆದಾಗ ಕೂದಲಿನಷ್ಟು ಸಣ್ಣಗಿರುತ್ತದೆ. ಸಾಮಾನ್ಯವಾಗಿ ಟೊಪ್ಪಿಗೆಯ ಅಂಚಿನ ಹತ್ತಿರ ಒಳಗೆ ನುಸುಳುತ್ತದೆ. ಒಳಹೋದ ದಾರಿ ಕಾಯಿ ಬೆಳೆದಂತೆ ಮುಚ್ಚಿಕೊಂಡು ಸೂಜಿಮೊನೆಯಷ್ಟು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಒಳಗಿನ ತಿರುಳನ್ನು ತಿಂದು ದೊಡ್ಡದಾದ ಹುಳು ಕೋಶ ಕಟ್ಟಲು ಮಣ್ಣಿಗಿಳಿಯಬೇಕು, ಆಗ ಕೊರೆದು ಹೊರಬರುವ ದಾರಿಯೇ ನಮಗೆ ಕಾಣುವ ದೊಡ್ಡ ತೂತು. ಹಾಗಾಗಿ ದೊಡ್ಡ ತೂತಿರುವ ಕಾಯಿಯಿಂದ ಹುಳು ಬಹುತೇಕ ಹೊರಟುಹೋಗಿರುತ್ತದೆ, ಅದರ ಹಿಕ್ಕೆ ತುಂಬಿದ ಸುರಂಗ ಮಾತ್ರ ಉಳಿದಿರುತ್ತದೆ. ತೂತಿಲ್ಲದ ಕಾಯಿಯೊಳಗೆ ಹುಳು ಇನ್ನೂ ಇರಬಹುದು. ತೊಟ್ಟಿನ ಅಂಚನ್ನು ಎತ್ತಿ ನೋಡುವಾಗ ಬಿಳಿ ಪಟ್ಟಿಯ ಜೊತೆಗೆ ಈ ಚುಕ್ಕೆಯನ್ನೂ ಹುಡುಕಿದರೆ ಒಂದೇ ಕೆಲಸದಲ್ಲಿ ಎರಡು ಪರೀಕ್ಷೆ ಮುಗಿಯುತ್ತದೆ. ಚುಕ್ಕೆ ಕಂಡೂ ಕಾಯಿ ಬೇಕೇ ಬೇಕೆನಿಸಿದರೆ ಕೊಳ್ಳಬಹುದು, ಆದರೆ ಸೀಳದೆ ಒಲೆಗೆ ಹಾಕಬಾರದು.

ಎಣಗಾಯಿಗೆ ಕಾಯಿಯನ್ನು ತೊಟ್ಟಿನವರೆಗೆ ನಾಲ್ಕು ಸೀಳು ಮಾಡುವುದು ಮಸಾಲೆ ತುಂಬುವುದಕ್ಕೆ. ನೋಡುವುದಕ್ಕೂ ಅದೇ ಸೀಳು. ಒಳಗೆ ತಿರುಳು ಬಿಳಿಯಾಗಿಯೋ ಕೆನೆಯ ಬಣ್ಣದಲ್ಲಿಯೋ ಇದ್ದು, ಬೀಜ ಅದೇ ಬಣ್ಣದಲ್ಲಿ ಮೆತ್ತಗಿದ್ದರೆ ಸರಿ. ಬೀಜ ಹಳದಿಯಾಗಿದ್ದು ಉಗುರಿನಿಂದ ಒತ್ತಿದರೆ ಒಡೆಯುವಂತಿದ್ದರೆ ಪಲ್ಯಕ್ಕೆ, ಹುಳಿಗೆ ಆದೀತು, ಎಣಗಾಯಿಗೆ ಬೇಡ. ಬೀಜ ಕಂದಾಗಿ, ಉಗುರಿಗೂ ಜಗ್ಗದೆ, ಅದರ ಸುತ್ತ ತಿರುಳು ಪುಡಿಪುಡಿಯಾಗಿದ್ದರೆ ಒಂದು ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ನೋಡಬಹುದು. ಕಹಿಯಾಗಿದ್ದರೆ ಆ ಕಾಯಿಯನ್ನು ಬಿಟ್ಟುಬಿಡುವುದೇ ಸರಿ. ಎಣಗಾಯಿಯಲ್ಲಿ ಒಂದು ಕಹಿ ಕಾಯಿ ಇದ್ದರೆ ಅದರ ರಸ ಇಡೀ ಪಾತ್ರೆಗೆ ಹರಡುತ್ತದೆ.

ಕೊಯ್ದ ಬದನೆ ಕಪ್ಪಾಗುವುದನ್ನು ನೋಡಿ ಕೆಲವರು ಕಾಯಿ ಹಾಳೆಂದುಕೊಳ್ಳುತ್ತಾರೆ. ಅದು ಹಾಳಲ್ಲ. ಬದನೆಯಲ್ಲಿರುವ ಕ್ಲೋರೊಜೆನಿಕ್ ಆಮ್ಲ ಎಂಬ ವಸ್ತು ಗಾಳಿ ತಾಗಿದೊಡನೆ ಕಂದಾಗುತ್ತದೆ. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಕಬ್ಬಿಣ ಸೇರಿ ಇನ್ನೂ ಕಪ್ಪಾಗುತ್ತದೆ. ಹೆಚ್ಚುತ್ತಿದ್ದಂತೆ ಉಪ್ಪು ಬೆರೆಸಿದ ನೀರಿಗೆ ಹಾಕುವ ನಮ್ಮ ಅಡುಗೆಮನೆಯ ರೂಢಿ ಈ ಗಾಳಿಯನ್ನು ತಡೆಯುವುದಕ್ಕೆ. ಕಹಿಯ ಮೇಲೂ ಅದು ಕೆಲಸ ಮಾಡುತ್ತದೆ, ಆದರೆ ಅರ್ಧದಷ್ಟು ಮಾತ್ರ. ಕಹಿ ವಸ್ತುವಿನ ಕೊಂಚ ಭಾಗ ನೀರಿಗೆ ಬಿಡುತ್ತದೆ, ಉಳಿದದ್ದನ್ನು ಉಪ್ಪಿನ ರುಚಿ ನಾಲಿಗೆಗೆ ಮಂಕಾಗಿಸುತ್ತದೆ. ಕಂದು ಬೀಜದ ಕಹಿಯನ್ನು ಎಷ್ಟು ಹೊತ್ತು ನೆನೆಸಿದರೂ ತೆಗೆಯಲಾಗದು.

ಬೆಂಡಾದ, ಆದರೆ ಕಹಿಯಿಲ್ಲದ ಕಾಯಿಗೆ ದಾರಿಯಿದೆ. ಹೋಳು ಮಾಡಿ ಮೇಲೆ ಉಪ್ಪು ಉದುರಿಸಿ ಅರ್ಧ ಗಂಟೆ ಬಿಟ್ಟರೆ ನೀರು ಒಸರುತ್ತದೆ. ಹಿಂಡಿ, ಬಟ್ಟೆಯಲ್ಲಿ ಒತ್ತಿದರೆ ಒಳಗಿನ ಗಾಳಿಯ ಜಾಗ ಕುಸಿದು ಹೋಳು ಗಟ್ಟಿಯಾಗುತ್ತದೆ. ಹುರಿದರೂ ಎಣ್ಣೆ ಮೊದಲಿನಷ್ಟು ಹೀರುವುದಿಲ್ಲ. ಆಮೇಲೆ ಪಲ್ಯಕ್ಕೆ ಉಪ್ಪು ಕಡಿಮೆ ಹಾಕಬೇಕೆಂಬುದನ್ನು ಮರೆಯಬಾರದು. ಬೀಜ ಸ್ವಲ್ಪ ಬಲಿತ ದೊಡ್ಡ ಕಾಯಿಯನ್ನು ಕೆಂಡದ ಮೇಲೆ ಅಥವಾ ಗ್ಯಾಸ್ ಉರಿಯಲ್ಲಿ ಸುಡುವುದು ಇನ್ನೊಂದು ದಾರಿ. ಸುಟ್ಟು ಸಿಪ್ಪೆ ತೆಗೆದು ಉದ್ದಕ್ಕೆ ಬಿಚ್ಚಿದರೆ ಬೀಜಗಳು ಸಾಲು ಸಾಲಾಗಿ ಪಟ್ಟಿಯಂತೆ ಕಾಣುತ್ತವೆ. ಆ ಪಟ್ಟಿಗಳನ್ನು ಚಮಚದಿಂದ ಎತ್ತಿ ತೆಗೆದು, ಉಳಿದ ತಿರುಳಿಗೆ ಮೊಸರು, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರೆ ಮೊಸರುಬಜ್ಜಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಸುಡುವ ಮೊದಲು ಕಾಯಿಗೆ ಚಾಕುವಿನಿಂದ ಎರಡು ಮೂರು ಕಡೆ ಚುಚ್ಚಬೇಕು, ಇಲ್ಲದಿದ್ದರೆ ಒಳಗಿನ ಆವಿ ಕಾಯಿಯನ್ನು ಸಿಡಿಸುತ್ತದೆ. ಚುಚ್ಚಿದ ಜಾಗದಿಂದ ಕಂದು ನೀರು ಒಸರಿದರೆ ಒಳಗೆ ಹುಳು ಕೊರೆದಿದೆಯೇ ಎಂದು ಸೀಳಿ ನೋಡಿಯೇ ಸುಡಬೇಕು.

ಮನೆಗೆ ತಂದ ಒಳ್ಳೆಯ ಕಾಯಿಯನ್ನು ನಾವೇ ಬೆಂಡು ಮಾಡುವುದೂ ಉಂಟು. ಬದನೆ ಬಿಸಿಲು ನಾಡಿನ ಗಿಡ, ಅದರ ಕಾಯಿಗೆ ಹೆಚ್ಚು ತಣ್ಣಗಿರುವ ಜಾಗ ಆಗದು. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿಯಲ್ಲಿ ಕೆಲವು ದಿನವಿದ್ದರೆ ಸಿಪ್ಪೆಯಲ್ಲಿ ಗುಳಿಗಳು ಬೀಳುತ್ತವೆ, ಒಳಗಿನ ಬೀಜ ಕಂದಾಗುತ್ತದೆ, ತಿರುಳಿನ ಬಣ್ಣ ಕೆಡುತ್ತದೆ. ಬಲಿತ ಕಾಯಿ ಕೊಟ್ಟರೆಂದು ಮಾರಿದವರನ್ನು ಬೈಯುವ ಮೊದಲು ಫ್ರಿಜ್ಜಿನಲ್ಲಿ ಎಷ್ಟು ದಿನ ಇಟ್ಟಿದ್ದೆವು ಎಂದು ಕೇಳಿಕೊಳ್ಳಬೇಕು. ಗಿಡದಲ್ಲಿ ಬಲಿತ ಬೀಜ ಕಂದಾಗಿ ಗಟ್ಟಿಯಾಗಿರುತ್ತದೆ, ಚಳಿಗೆ ಕೆಟ್ಟ ಬೀಜ ಕಂದಾಗಿ ಮೆತ್ತಗೆಯೇ ಇರುತ್ತದೆ. ಒಂದೆರಡು ದಿನದಲ್ಲಿ ಬಳಸುವುದಾದರೆ ಒದ್ದೆ ಮಾಡದೆ, ತೊಟ್ಟು ತೆಗೆಯದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ನೆರಳಿನ ಜಾಗದಲ್ಲಿಟ್ಟರೆ ಸಾಕು. ಬೇಸಗೆಯಲ್ಲಿ ಹೊರಗಿಡಲು ಆಗದಿದ್ದರೆ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿ ಬಟ್ಟೆ ಸುತ್ತಿಯೇ ಇಡಬೇಕು, ಎರಡು ಮೂರು ದಿನಕ್ಕಿಂತ ಹೆಚ್ಚಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿಟ್ಟರೆ ಒಳಗೆ ಬೆವರು ನಿಂತು ತೊಟ್ಟಿನಿಂದಲೇ ಬೂಷ್ಟು ಶುರುವಾಗುತ್ತದೆ. ಬಾಳೆಹಣ್ಣು, ಹಣ್ಣಾದ ಟೊಮೆಟೊ ಇರುವ ಬುಟ್ಟಿಯಿಂದಲೂ ಬದನೆಯನ್ನು ದೂರವಿಡಬೇಕು. ಅವು ಬಿಡುವ ಎಥಿಲೀನ್ ಅನಿಲಕ್ಕೆ ಬದನೆಯ ಟೊಪ್ಪಿಗೆ ಬೇಗ ಕಂದಾಗಿ ಕಳಚಿಕೊಳ್ಳುತ್ತದೆ, ಕಾಯಿಯೂ ಬೇಗ ಕೆಡುತ್ತದೆ.